ಹೊಸ್ತಿಲಳು

ಜೂನ್ ತಿಂಗಳಲ್ಲಿ ಬೆಳಿಗ್ಗೆ ಒಂಬತ್ತೂವರೆಗೆ ನಮ್ಮ ಶಿಶುವಿಹಾರದ ಗೇಟಿನ ಬಳಿ ಹತ್ತು ನಿಮಿಷ ನಿಂತರೆ ಸಾಕು, ಅಳುವಿನಲ್ಲಿ ಎಷ್ಟು ಬಗೆ ಎಂಬುದು ತಾನಾಗಿ ತಿಳಿಯುತ್ತದೆ. ಕುಕ್ಕರಿನಂತೆ ಮೂರು ಕೂಗು ಕೂಗಿ ತಣ್ಣಗಾಗುವ ಅಳು ಒಂದು. ಸರಿಯಾಗಿ ತಿರುಗಿಸದ ನಲ್ಲಿಯಂತೆ ಹನ್ನೊಂದು ಗಂಟೆಯವರೆಗೂ ತೊಟ್ಟಿಕ್ಕುತ್ತಲೇ ಇರುವ ಅಳು ಇನ್ನೊಂದು. ತನಗೇನೂ ದುಃಖವಿಲ್ಲದಿದ್ದರೂ ಪಕ್ಕದವನು ಅತ್ತನೆಂದು ಅವನಿಂದ ಕಡ ತಂದ ಅಳು ಮತ್ತೊಂದು. ಅಪ್ಪನ ಅಂಗಿಯ ಗುಂಡಿಯನ್ನು ಮುಷ್ಟಿಯಲ್ಲಿ ಹಿಡಿದು, ಗುಂಡಿ ಕಿತ್ತು ಕೈಗೆ ಬಂದಾಗ ಒಂದು ಕ್ಷಣ ಬೆರಗಾಗಿ, ಮತ್ತೆ ನೆನಪಾಗಿ ಶುರುವಾಗುವ ಅಳುವೂ ಉಂಟು. ಇವೆಲ್ಲ ಒಳಗಿನದೂ ಅಲ್ಲದ ಹೊರಗಿನದೂ ಅಲ್ಲದ ಆ ಒಂದು ಅಡಿ ಜಾಗದಲ್ಲಿ ಹುಟ್ಟುವುದರಿಂದ ನಾನು ಇದಕ್ಕೆ ಹೊಸ್ತಿಲಳು ಎಂದು ಹೆಸರಿಟ್ಟಿದ್ದೇನೆ. ನಿಘಂಟಿನಲ್ಲಿ ಸಿಗುವುದಿಲ್ಲ, ಮೈಸೂರಿನ ನಮ್ಮ ಬೀದಿಯಲ್ಲಿ ಮಾತ್ರ ಸಿಗುತ್ತದೆ.

ಮೊದಲ ವಾರ ಕಳೆದ ಮೇಲೆ ಶನಿವಾರ ಮಕ್ಕಳಿಗೆ ರಜ, ಅಪ್ಪ ಅಮ್ಮಂದಿರಿಗೆ ಶಾಲೆ. ಒಬ್ಬೊಬ್ಬರಾಗಿ ಬಂದು ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಮಂಡಿ ಎದೆಗೆ ತಾಗುವಂತೆ ಕೂರುತ್ತಾರೆ. ಆ ಕುರ್ಚಿಯಲ್ಲಿ ಕೂತ ಯಾರ ಮುಖವೂ ದೊಡ್ಡವರ ಮುಖವಾಗಿ ಉಳಿಯುವುದಿಲ್ಲ. ಈ ಸಲ ಮೊದಲು ಬಂದವರು ಮೂರು ವರ್ಷ ಎರಡು ತಿಂಗಳ ಹುಡುಗಿಯೊಬ್ಬಳ ಅಪ್ಪ, ಅಮ್ಮ, ಜೊತೆಗೆ ತಾತ. ಹುಡುಗಿಯನ್ನು ಪುಟ್ಟಿ ಎನ್ನೋಣ, ಎಲ್ಲ ಮನೆಗಳಲ್ಲೂ ಇರುವ ಹೆಸರದು. ತಾತ ಪುಟ್ಟ ಕುರ್ಚಿಯನ್ನು ನಂಬದೆ ಗೋಡೆಗೆ ಒರಗಿ ನಿಂತರು.

"ಮಿಸ್, ನಿಜ ಹೇಳಿಬಿಡಿ. ನಾವು ಹೋದ್ಮೇಲೂ ಅಳ್ತಾನೇ ಇರ್ತಾಳಾ? ಐದು ದಿನ ಆಯ್ತು, ಶುಕ್ರವಾರಾನೂ ಗೇಟಲ್ಲಿ ಅತ್ಲು," ಎಂದರು ಅಮ್ಮ. ಈ ವಾರ ಅವರು ಗೇಟಿನಿಂದ ತಿರುವಿನವರೆಗೆ ನಡೆದು, ಅಳು ಕೇಳಿಸದಷ್ಟು ದೂರ ಹೋಗಿ, ಅಲ್ಲೂ ಕೇಳಿಸುತ್ತಿದೆಯೆಂದು ನಿಂತದ್ದನ್ನು ನಾನು ಕಿಟಕಿಯಿಂದ ಕಂಡಿದ್ದೆ.

ಇಂಥ ಪ್ರಶ್ನೆಗೆ "ಏನಿಲ್ಲಮ್ಮ, ಸರಿಹೋಗ್ತಾಳೆ" ಎನ್ನುವುದು ಸುಲಭ. ಆದರೆ ಅದು ಮಗುವಿನ ಕೈಗೆ ಚಾಕೊಲೇಟ್ ಕೊಟ್ಟಂತೆ, ಬಾಯಿ ಮುಚ್ಚುತ್ತದೆ, ಹಸಿವೆ ಹೋಗುವುದಿಲ್ಲ. ಹಾಗಾಗಿ ನಾನೊಂದು ರೂಲು ಎಳೆದ ಪುಸ್ತಕ ಇಟ್ಟಿದ್ದೇನೆ. ಹೊಸ ಮಗುವಿಗೊಂದು ಪುಟ, ಪುಟಕ್ಕೆ ಐದು ಕಾಲಮ್ಮು. ಎಷ್ಟು ಹೊತ್ತು ಅತ್ತಿತು, ಯಾರ ಹತ್ತಿರ ಸುಮ್ಮನಾಯಿತು, ಡಬ್ಬಿಯಲ್ಲಿ ಎಷ್ಟು ಉಳಿಯಿತು, ಒಂದಕ್ಕೆ ಹೋಯಿತೇ, ಏನನ್ನು ಮುಟ್ಟಿ ಆಡಿತು. ಅಪ್ಪ ಅಮ್ಮಂದಿರ ಕಣ್ಣು ಮೊದಲನೆಯ ಕಾಲಮ್ಮಿಗೆ ಹೋಗುತ್ತದೆ. ನನ್ನದು ಎರಡನೆಯದಕ್ಕೆ. ಅವತ್ತು ಪುಸ್ತಕ ಬಿಡಿಸಿ ಅವರ ಮುಂದಿಟ್ಟು ಸೋಮವಾರದಿಂದ ಶುರುಮಾಡಿದೆ.

ಸೋಮವಾರ ಐವತ್ತು ನಿಮಿಷ. ಒಂದೇ ಸಮನೆ ಅಲ್ಲ, ಅಲೆ ಅಲೆಯಾಗಿ. ಅಂದು ಪುಟ್ಟಿ ಒಳಗೆ ಬಂದಾಗ ಅಳಲೇ ಇಲ್ಲ. ಗಾಜಿನ ತೊಟ್ಟಿಯ ಕೆಂಪು ಮೀನು ನೋಡುತ್ತಾ ನಿಂತಳು. ಈಗ ಸಮಯ ಎಂದುಕೊಂಡು ಅಪ್ಪ ಅಮ್ಮ ಮೆಲ್ಲಗೆ ಹಿಂದಕ್ಕೆ ಸರಿದು ಹೊರಟುಬಿಟ್ಟರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು, ಬಹಳ ಮನೆಗಳವರು ಮಾಡುವುದೂ ಅದನ್ನೇ. ಮಗು ನೋಡಲಿಲ್ಲವಲ್ಲ, ಅತ್ತಿಲ್ಲವಲ್ಲ ಎಂಬ ಸಮಾಧಾನ. ಮೀನು ಒಂದು ಸುತ್ತು ಹೊಡೆದು ಮತ್ತೆ ಎದುರಿಗೆ ಬಂತು. ಪುಟ್ಟಿ "ಅಮ್ಮ, ನೋಡು" ಎಂದು ತಿರುಗಿದಳು.

ಅಲ್ಲಿ ಯಾರೂ ಇರಲಿಲ್ಲ.

ಮಂಗಳವಾರ ಅವಳು ಮೀನಿನ ಹತ್ತಿರ ಸುಳಿಯಲಿಲ್ಲ. ಗೋಡೆಗೆ ಬೆನ್ನು ಕೊಟ್ಟು, ಬಾಗಿಲಿಗೆ ಮುಖ ಮಾಡಿ, ಬ್ಯಾಗನ್ನು ಬೆನ್ನಿನಿಂದ ಇಳಿಸದೆ ಕೂತಳು. ಗೊಂಬೆ ಕೊಟ್ಟರೆ ಕಣ್ಣು ಬಾಗಿಲ ಮೇಲೆ, ನೀರು ಕೊಟ್ಟರೆ ಕಣ್ಣು ಬಾಗಿಲ ಮೇಲೆ. ಇದನ್ನು ಹಟ ಎನ್ನುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಅವಳ ಲೆಕ್ಕ ಬಹಳ ಸರಿಯಾಗಿತ್ತು. ನಿನ್ನೆ ಕಣ್ಣು ಬೇರೆ ಕಡೆ ಹೊರಳಿಸಿದ ಗಳಿಗೆಯಲ್ಲಿ ಅಮ್ಮ ಕರಗಿಹೋಗಿದ್ದಳು, ಆದ್ದರಿಂದ ಇಂದು ಕಣ್ಣು ಹೊರಳಿಸಬಾರದು. ಮೀನು, ಗೊಂಬೆ, ಬಣ್ಣದ ಮಣಿ, ಚೆಂದವಾದದ್ದೆಲ್ಲ ಈಗ ಅಪಾಯ, ಏಕೆಂದರೆ ಚೆಂದವಾದದ್ದನ್ನು ನೋಡುತ್ತಿರುವಾಗಲೇ ಜನ ಮಾಯವಾಗುತ್ತಾರೆ. ಕದ್ದು ಹೋದದ್ದರಿಂದ ಮೊದಲ ದಿನ ಉಳಿತಾಯವಾದ ಅಳು ಐದು ನಿಮಿಷದ್ದಿರಬಹುದು. ಅದಕ್ಕೆ ಎರಡನೆಯ ದಿನ ಕೊಟ್ಟ ಬೆಲೆ ಒಂದಿಡೀ ಬೆಳಗಿನ ಆಟ. ಡಬ್ಬಿಯ ಅಕ್ಕಿರೊಟ್ಟಿ ಮಡಿಸಿದ ಮಡಿಕೆ ಬಿಚ್ಚದೆ ಮನೆಗೆ ಹೋಯಿತು. ಮೂರು ಗಂಟೆ ಹೊತ್ತು ಒಂದಕ್ಕೂ ಹೋಗದೆ ತಡೆದುಕೊಂಡಿದ್ದಳು.

ಅಂದು ಸಂಜೆ ನಾನು ಅವರ ಮನೆಗೆ ಫೋನ್ ಮಾಡಿ ಒಂದೇ ಒಂದು ವಿಷಯ ಹೇಳಿದೆ, "ನಾಳೆಯಿಂದ ಹೇಳಿ ಹೋಗಿ."

ಇಲ್ಲಿ ನಾನು ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಓದುವವರೂ ಚಪ್ಪಲಿ ಬಿಟ್ಟು ಆರಾಮಾಗಿ ಬನ್ನಿ. ನಮ್ಮ ಮನೆಗಳಲ್ಲಿ "ಹೋಗ್ತೀನಿ" ಅನ್ನಬಾರದು. ಅಂದರೆ ಅಜ್ಜಿ ಅಡುಗೆಮನೆಯಿಂದಲೇ ಗದರುತ್ತಿದ್ದರು, "ಹೋಗಿ ಬರ್ತೀನಿ ಅನ್ನು." ಇನ್ನೂ ಮೃದುವಾಗಿ ಬರೀ "ಬರ್ತೀನಿ" ಎಂದು ಹೇಳಿ ಹೋಗುವವರಿದ್ದಾರೆ. ಹೊರಡುವವನು ಬರುತ್ತೇನೆ ಎನ್ನುತ್ತಾನೆ, ಉಳಿದವನು ಬನ್ನಿ ಎನ್ನುತ್ತಾನೆ, ಇಬ್ಬರಲ್ಲಿ ಯಾರ ಬಾಯಲ್ಲೂ ಹೋಗುವ ಮಾತೇ ಇಲ್ಲ. ಚಿಕ್ಕವಳಿದ್ದಾಗ ನನಗಿದು ಬರೀ ಅಪಶಕುನದ ಹೆದರಿಕೆ ಎನಿಸುತ್ತಿತ್ತು. ಶಿಶುವಿಹಾರದ ಗೇಟಿನಲ್ಲಿ ಇಪ್ಪತ್ತು ಜೂನ್ ಕಳೆದ ಮೇಲೆ ಬೇರೆಯಾಗಿ ಕೇಳಿಸುತ್ತದೆ. ಮೂರು ವರ್ಷದ ಮಗುವಿಗೆ ತಿಳಿಯಬೇಕಾದ ಪೂರ್ತಿ ವಿಷಯ ಆ ಎರಡು ಪದಗಳಲ್ಲಿದೆ. ಹೋಗುವುದೂ ನಿಜ, ಬರುವುದೂ ನಿಜ, ಎರಡಕ್ಕೂ ನಡುವೆ ಉಸಿರು ಬಿಡುವಷ್ಟು ಜಾಗವಿದೆ. ಕದ್ದು ಹೋಗುವವರು ಹೋಗುವುದನ್ನು ಮುಚ್ಚಿಟ್ಟು, ಅದರ ಜೊತೆ ಬರುವುದನ್ನೂ ಮುಚ್ಚಿಟ್ಟುಬಿಡುತ್ತಾರೆ.

ಆದರೆ ಮಾತು ಖಾಲಿಯಾಗಿರಬಾರದು. "ಈಗ ಬಂದ್ಬಿಡ್ತೀನಿ ಕಂದಾ" ಎಂದು ಮೂರು ಗಂಟೆ ಬಿಟ್ಟು ಬಂದರೆ "ಈಗ" ಎಂಬ ಪದವೇ ಕೆಟ್ಟುಹೋಗುತ್ತದೆ. ಹನ್ನೆರಡೂವರೆ ಎಂದರೂ ಪ್ರಯೋಜನವಿಲ್ಲ, ಆ ವಯಸ್ಸಿಗೆ ಗಡಿಯಾರ ಗೋಡೆಯ ಮೇಲಿನ ಚಿತ್ರ ಅಷ್ಟೆ. ಮಗುವಿನ ಗಡಿಯಾರದಲ್ಲಿ ಮುಳ್ಳುಗಳಿಲ್ಲ, ಸಂಗತಿಗಳಿವೆ. ಅಮ್ಮನಿಗೆ ಹೇಳಿಕೊಟ್ಟೆ, "ಡಬ್ಬಿ ತಿಂತೀಯ, ಮಿಸ್ ಕತೆ ಹೇಳ್ತಾರೆ, ಆಮೇಲೆ ಚಪ್ಪಲಿ ಹಾಕ್ಕೋತೀಯ, ತಾತ ಬರ್ತಾರೆ, ಅಂತ ಹೇಳಿ. ದಿನಾ ಇದೇ ಮಾತು, ಇದೇ ಸಾಲು. ಹೇಳಿ ಒಂದು ಮುತ್ತು ಕೊಟ್ಟು ಹೊರಡಿ. ಅತ್ತಳು ಅಂತ ವಾಪಸ್ ಬರಬೇಡಿ." ಕೊನೆಯ ಮಾತು ಕೇಳಿ ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ನನಗೆ ಗೊತ್ತು ಅದು ಎಷ್ಟು ಕಷ್ಟವೆಂದು. ಆದರೆ ನಾಲ್ಕು ಹೆಜ್ಜೆ ಹೋಗಿ ಮೂರು ಸಲ ತಿರುಗಿ ಬಂದರೆ ಮಗುವಿಗೆ ಒಂದು ಅಗಲಿಕೆಯ ಬದಲು ನಾಲ್ಕು ಅಗಲಿಕೆಯಾಗುತ್ತದೆ.

ಬುಧವಾರ ಅಮ್ಮ ಗೇಟಿನಲ್ಲಿ ಕುಕ್ಕರಗಾಲಿನಲ್ಲಿ ಕೂತು, ನಡುಗುವ ದನಿಯಲ್ಲಿ ಡಬ್ಬಿ, ಕತೆ, ಚಪ್ಪಲಿ, ತಾತ ಎಂದು ಒಪ್ಪಿಸಿ, ಹೋಗಿ ಬರ್ತೀನಿ ಎಂದು ಹೋದರು. ಪುಟ್ಟಿ ಜೋರಾಗಿ ಅತ್ತಳು, ಹಿಂದಿನ ಎರಡು ದಿನಕ್ಕಿಂತ ಜೋರಾಗಿ. ಇಪ್ಪತ್ತೈದು ನಿಮಿಷ. ನಾನು ಎತ್ತಿಕೊಳ್ಳಹೋದರೆ ಎದೆಗೆ ಕೈಯೊಡ್ಡಿ ತಳ್ಳಿದಳು. ಸರಿ, ನಾನು ಬೇಡ. ಎಲ್ಲ ಮಗುವಿಗೂ ಟೀಚರೇ ಬೇಕೆಂದೇನಿಲ್ಲ.

ನಮ್ಮಲ್ಲೊಬ್ಬರು ಆಯಮ್ಮ ಇದ್ದಾರೆ. ಬೆಳಗಿನ ಗಲಾಟೆ ಇಳಿಯುವ ಹೊತ್ತಿಗೆ ಜಗಲಿಯ ಮೇಲೆ ಕಾಲು ಚಾಚಿ ಕೂತು, ಮೊರದಲ್ಲಿ ಹೆಸರುಕಾಳು ಹಾಕಿಕೊಂಡು ಆರಿಸುತ್ತಾರೆ, ವಾರಕ್ಕೆರಡು ದಿನ ಮಕ್ಕಳಿಗೆ ಉಸಲಿ ಮಾಡಬೇಕಲ್ಲ. ಮೊರ ಒಂದು ಸಲ ಎದ್ದು ಬಿದ್ದರೆ ಕಾಳು ಜರ್ರನೆ ಸರಿಯುವ ಸದ್ದು, ಮಳೆಗೆ ಮುಂಚಿನ ಗಾಳಿ ಒಣ ಎಲೆಗಳನ್ನು ತಳ್ಳಿಕೊಂಡು ಹೋದ ಹಾಗೆ. ಆ ಸದ್ದಿಗೆ ಪುಟ್ಟಿಯ ಅಳು ಒಮ್ಮೆ ತಡವರಿಸಿತು. ಆಯಮ್ಮ ತಿರುಗಿಯೂ ನೋಡಲಿಲ್ಲ, ಬಾ ಎನ್ನಲಿಲ್ಲ, ಸುಮ್ಮನಿರು ಎನ್ನಲಿಲ್ಲ. ಇನ್ನೊಮ್ಮೆ ಕೇರಿದರು. ಜರ್ರ್. ಪುಟ್ಟಿ ಬ್ಯಾಗು ಹೊತ್ತೇ ಎದ್ದು ಹೋಗಿ ಎರಡು ಅಡಿ ದೂರ ಕೂತಳು, ಆಮೇಲೆ ಒಂದು ಅಡಿ, ಆಮೇಲೆ ಮಂಡಿಗೆ ಮಂಡಿ. ಆಯಮ್ಮ ಒಂದು ಸ್ಟೀಲ್ ಬಟ್ಟಲನ್ನು ಅವಳ ಮುಂದೆ ಸರಿಸಿ, "ಕಪ್ಪಗಿರೋದು ಇದಕ್ಕಾಕು ಮಗ" ಎಂದರು. ಪುಟ್ಟಿ ಬೆರಳ ತುದಿಯಲ್ಲಿ ಒಂದು ಕರಿ ಕಾಳು ಹಿಡಿದು ಹಾಕಿದಳು. ಟಿಣ್. ಬಿಕ್ಕಳಿಸುತ್ತಲೇ ಇನ್ನೊಂದು. ಟಿಣ್. ಸ್ವಲ್ಪ ಹೊತ್ತಿಗೆ ಬಿಕ್ಕಳಿಕೆ ಕಡಿಮೆಯಾಗಿ ಟಿಣ್ ಹೆಚ್ಚಾಯಿತು. ನನ್ನ ಪುಸ್ತಕದ ಎರಡನೆಯ ಕಾಲಮ್ಮಿನಲ್ಲಿ ಅಂದು ಮೊದಲ ಸಲ ಒಂದು ಪದ ಬಿತ್ತು, "ಆಯಮ್ಮ".

ಅಪ್ಪ ಅಲ್ಲಿಯವರೆಗೆ ಮಾತಾಡಿರಲಿಲ್ಲ. "ಇಪ್ಪತ್ತೈದು ನಿಮಿಷ ಅಂತಲೇ ಇದೆಯಲ್ಲ ಮಿಸ್, ಅದು ಜಾಸ್ತಿ ಅಲ್ವಾ?" ಎಂದರು. ನಿಮಿಷ ಇರಲಿ, ಪಕ್ಕದ ಪದ ನೋಡಿ ಎಂದೆ. ಬರ್ಲಿನ್ ಊರಿನಲ್ಲಿ 1980ರ ದಶಕದಲ್ಲಿ ಶಿಶುಪಾಲನೆಯವರು ಕೂತು ಒಂದು ಪದ್ಧತಿ ಮಾಡಿದರು, ಇಂದಿಗೂ ಜರ್ಮನಿಯ ಎಷ್ಟೋ ಶಿಶುಕೇಂದ್ರಗಳು ಅದನ್ನು ಅನುಸರಿಸುತ್ತವೆ. ಮೊದಲ ಮೂರು ದಿನ ಅಮ್ಮನೋ ಅಪ್ಪನೋ ಮಗುವಿನ ಜೊತೆಯಲ್ಲೇ ಕೂರುತ್ತಾರೆ, ಬಿಟ್ಟು ಹೋಗುವ ಮಾತೇ ಇಲ್ಲ. ನಾಲ್ಕನೆಯ ದಿನ ಹೇಳಿ, ಸ್ವಲ್ಪ ಹೊತ್ತು ಹೊರಗೆ ಹೋಗುತ್ತಾರೆ, ಎಷ್ಟಾದರೂ ಅರ್ಧ ಗಂಟೆಗಿಂತ ಹೆಚ್ಚಲ್ಲ. ಆಗ ಮಗು ಹೇಗಿತ್ತು ಎಂಬುದರ ಮೇಲೆ ಮುಂದಿನ ದಿನಗಳು ನಿಲ್ಲುತ್ತವೆ. ಅವರು ನೋಡುವುದು ಮಗು ಅತ್ತಿತೇ ಎಂದಲ್ಲ. ಅತ್ತ ಮಗು ಅಲ್ಲಿರುವ ಒಬ್ಬರ ಕೈಯಲ್ಲಿ ಸಮಾಧಾನಗೊಂಡಿತೇ ಎಂದು. ಹಾಗೆ ಸಮಾಧಾನ ತೆಗೆದುಕೊಳ್ಳಲು ಶುರುವಾದರೆ ಮಗು ಹೊಂದಿಕೊಂಡಂತೆಯೇ, ಬಾಗಿಲಲ್ಲಿ ಇನ್ನೂ ಪ್ರತಿಭಟಿಸುತ್ತಿದ್ದರೂ ಸರಿ. ನಮ್ಮಲ್ಲಿ ಮೂರು ದಿನ ಯಾರಿಗೂ ರಜ ಸಿಗುವುದಿಲ್ಲ, ನಮ್ಮ ಕೋಣೆಯಲ್ಲಿ ಅಷ್ಟು ಅಮ್ಮಂದಿರು ಹಿಡಿಸುವುದೂ ಇಲ್ಲ. ಪದ್ಧತಿ ಬರುವುದಿಲ್ಲ, ಅಳತೆಗೋಲು ಬರುತ್ತದೆ. ನಾನು ಎರಡನೆಯ ಕಾಲಮ್ಮು ಹಾಕಿಕೊಂಡದ್ದು ಅದಕ್ಕೇ.

ಗುರುವಾರ ತಾತ ಬಿಟ್ಟು ಹೋದರು. ಹನ್ನೆರಡು ನಿಮಿಷ. ಬ್ಯಾಗು ತಾನಾಗಿ ಬೆನ್ನಿನಿಂದ ಇಳಿಯಿತು. ಅರ್ಧ ದೋಸೆ ತಿಂದಳು, ಆಯಮ್ಮನ ಕೈ ಹಿಡಿದು ಒಂದಕ್ಕೆ ಹೋಗಿ ಬಂದಳು. ಈ ಕೊನೆಯದನ್ನು ಹೇಳಿದಾಗ ಅಮ್ಮನ ಕಣ್ಣು ತುಂಬಿತು. ಒಂದಕ್ಕೆ ಹೋದ ಸುದ್ದಿಗೆ ಕಣ್ಣು ತುಂಬುವ ಜಾಗ ಶಿಶುವಿಹಾರವೊಂದೇ ಇರಬೇಕು. ಅದು ಸಣ್ಣ ಸುದ್ದಿಯಲ್ಲ. ಹೆದರಿದ ಮಗುವಿನ ಮೈ ಮೊದಲು ಮುಚ್ಚುವ ಬಾಗಿಲುಗಳು ಇವೆರಡೇ, ತಿನ್ನುವುದು ಮತ್ತು ಇದು. ಅವು ತೆರೆದರೆ ಮೈ ಈ ಜಾಗವನ್ನು ನಂಬಲು ಶುರುಮಾಡಿದೆ ಎಂದರ್ಥ.

ಶುಕ್ರವಾರ ಗೇಟಿನಲ್ಲಿ ಅತ್ತದ್ದು ನಾಲ್ಕು ನಿಮಿಷ. ತಿರುವಿನಲ್ಲಿ ನಿಂತ ಅಮ್ಮನಿಗೆ ಕೇಳಿಸಿದ್ದು ಆ ನಾಲ್ಕೇ. ಅವರು ಆಫೀಸಿಗೆ ಹೊತ್ತುಕೊಂಡು ಹೋದದ್ದೂ ಆ ನಾಲ್ಕನ್ನೇ, ಸಂಜೆಯವರೆಗೆ. ಐದನೆಯ ನಿಮಿಷದಲ್ಲಿ ಜಗಲಿಯಿಂದ ಟಿಣ್ ಟಿಣ್ ಶುರುವಾಗಿತ್ತು.

"ಅದು ಸರಿ ಮಿಸ್, ಆದ್ರೆ ಶುಕ್ರವಾರ ನಾನೇ ಕರ್ಕೊಂಡು ಹೋಗಕ್ಕೆ ಬಂದೆ. ನನ್ನ ನೋಡಿದ್ದೇ ತಡ ಹೋ ಅಂತ ಅತ್ಲು. ಇಲ್ಲಿ ಏನೋ ಆಗಿರ್ಬೇಕು ಅಂತ ಅನ್ನಿಸ್ತು," ಎಂದರು ಅಮ್ಮ, ಮೆಲ್ಲಗೆ, ನನಗೆ ಬೇಜಾರಾದೀತೆಂದು. ಬೇಜಾರಿಲ್ಲ. ಕೇಳಲೇಬೇಕಾದ ಪ್ರಶ್ನೆ ಅದು. ಆ ಅಳು ಬಂದದ್ದು ಹೇಗೆ ಎಂದು ನಾನು ಅಲ್ಲೇ ನಿಂತು ನೋಡಿದ್ದೆ. ಕಂಡ ಕೂಡಲೇ ಓಡಿದಳು, ಕೊರಳಿಗೆ ಬಿದ್ದಳು, ಬಿದ್ದ ಮೇಲೆ ಅತ್ತಳು, ಎರಡು ನಿಮಿಷದಲ್ಲಿ ಮೈ ಸಡಿಲವಾಗಿ ಹೆಗಲ ಮೇಲೆ ತಲೆಯಿಟ್ಟಳು. ಮೂರು ಗಂಟೆ ಹೊತ್ತು ಹೊಸ ಜನ, ಹೊಸ ಸದ್ದು, ಹೊಸ ಬಚ್ಚಲು ಇವುಗಳ ನಡುವೆ ಗಟ್ಟಿಯಾಗಿ ಹಿಡಿದುಕೊಂಡಿದ್ದನ್ನು ಇಳಿಸಲು ಅವಳಿಗೆ ಇರುವ ಜಾಗ ಆ ಹೆಗಲು. ಮನೆಗೆ ಹೋಗಿ ಸಣ್ಣದಕ್ಕೂ ರಂಪ ಮಾಡಿದರೆ, ಬಿಟ್ಟಿದ್ದ ರಾತ್ರಿಯ ಉಚ್ಚೆ ಒಂದೆರಡು ದಿನ ಮತ್ತೆ ಹಾಸಿಗೆಯಲ್ಲಿ ಆದರೆ, ಅದೂ ಇದೇ ಇಳಿಸುವಿಕೆ. ಅಮ್ಮನನ್ನು ಕಂಡೂ ಕಾಣದಂತೆ ಮುಖ ತಿರುಗಿಸಿ ನಿಂತಿದ್ದರೆ, ಯಾರು ಎತ್ತಿಕೊಂಡರೂ ಒಂದೇ ಎಂಬಂತೆ ಇದ್ದಿದ್ದರೆ, ನಾನೇ ನಿಮ್ಮನ್ನು ಕರೆಸುತ್ತಿದ್ದೆ ಎಂದೆ.

ಏಕೆಂದರೆ ನನ್ನನ್ನು ರಾತ್ರಿ ಎಚ್ಚರವಿಡುವುದು ಅಳುವ ಮಕ್ಕಳಲ್ಲ, ಅಳದ ಮಕ್ಕಳು. ಜೇಮ್ಸ್ ರಾಬರ್ಟ್‌ಸನ್ ಎಂಬ ಸಮಾಜ ಕಾರ್ಯಕರ್ತ 1952ರಲ್ಲಿ ಲಂಡನ್ನಿನಲ್ಲಿ ಒಂದು ಪುಟ್ಟ ಚಿತ್ರ ತಂದರು. ಎರಡು ವರ್ಷ ಐದು ತಿಂಗಳ ಹುಡುಗಿಯೊಬ್ಬಳು ಸಣ್ಣ ಶಸ್ತ್ರಚಿಕಿತ್ಸೆಗೆಂದು ಎಂಟು ದಿನ ಆಸ್ಪತ್ರೆಯಲ್ಲಿರುತ್ತಾಳೆ. ಆ ಕಾಲದಲ್ಲಿ ಅಮ್ಮಂದಿರು ಆಸ್ಪತ್ರೆಯಲ್ಲಿ ಮಗುವಿನ ಜೊತೆ ಉಳಿಯುವ ಹಾಗಿರಲಿಲ್ಲ. ಹುಡುಗಿ ಹೆಚ್ಚು ಅಳುವುದೇ ಇಲ್ಲ. ಅಳು ಒತ್ತಿ ಬಂದಾಗ ನುಂಗಿಕೊಳ್ಳುತ್ತಾಳೆ, ನಡುನಡುವೆ ಮೆಲ್ಲಗೆ ಅಮ್ಮ ಬೇಕು ಎನ್ನುತ್ತಾಳೆ. ಯಾರು ನೋಡಿದರೂ ಜಾಣ ಹುಡುಗಿ, ಹೊಂದಿಕೊಂಡಿದ್ದಾಳೆ ಎನ್ನಬೇಕು. ಆ ಸುಮ್ಮನಿರುವಿಕೆಯೊಳಗೆ ಏನಿದೆ ಎಂದು ಕ್ಯಾಮೆರಾ ಮುಖದ ಹತ್ತಿರ ನಿಂತು ತೋರಿಸಿತು. ಮೊದಮೊದಲು ಡಾಕ್ಟರುಗಳೇ ಆ ಚಿತ್ರದ ಮೇಲೆ ಸಿಟ್ಟಾದರು. ಮುಂದೆ ಇಂಗ್ಲೆಂಡಿನ ಆಸ್ಪತ್ರೆಗಳು ಅಮ್ಮಂದಿರಿಗೆ ಬಾಗಿಲು ತೆರೆದದ್ದಕ್ಕೆ ಅದೂ ಒಂದು ಕಾರಣ. ನನ್ನ ಕೋಣೆಯಲ್ಲೂ ಪ್ರತಿ ಜೂನ್‌ನಲ್ಲಿ ಅಂಥ ಒಂದು ಮಗುವಾದರೂ ಇರುತ್ತದೆ. ಗೇಟಿನಲ್ಲಿ ಅಳುವುದಿಲ್ಲ, ಹೇಳಿದಲ್ಲಿ ಕೂರುತ್ತದೆ, ಕೊಟ್ಟ ಗೊಂಬೆಯನ್ನು ಹಿಡಿದುಕೊಂಡಿರುತ್ತದೆ, ಆಡುವುದಿಲ್ಲ. ಡಬ್ಬಿ ತುಂಬಿದ್ದು ತುಂಬಿದಂತೆ ಹೋಗುತ್ತದೆ. ಅದರ ಅಪ್ಪ ಅಮ್ಮ ಸಂತೋಷವಾಗಿರುತ್ತಾರೆ. ನಾನು ಆ ಪುಟದ ಮೂಲೆಯನ್ನು ಮಡಿಸಿಟ್ಟಿರುತ್ತೇನೆ.

ತಾತ ಗೋಡೆಯ ಹತ್ತಿರದಿಂದ ಕೇಳಿದರು, "ಹಂಗಾದ್ರೆ ಸೋಮವಾರದಿಂದ ಅಳೋದಿಲ್ಲ ಅನ್ನಿ."

ಅಳುತ್ತಾಳೆ ಎಂದೆ. ನಾಲ್ಕು ನಿಮಿಷಕ್ಕೆ ಇಳಿದದ್ದು ಹದಿನೈದಕ್ಕೆ ಏರಬಹುದು. ಎರಡು ದಿನ ಮನೆಯಲ್ಲಿದ್ದು, ತಾತನ ಜೊತೆ ಸಂತೆಗೆ ಹೋಗಿ, ಮಧ್ಯಾಹ್ನ ಅಮ್ಮನ ಪಕ್ಕ ಮಲಗಿ ಎದ್ದ ಮೇಲೆ ಸೋಮವಾರ ಎಂಬುದು ಎಲ್ಲರಿಗೂ ಕಷ್ಟವೇ. ಬರ್ಲಿನ್ನಿನವರಿಗೂ ಇದು ಗೊತ್ತು. ಮೊದಲ ಸಲ ಬಿಟ್ಟುಹೋಗಬೇಕಾದ ನಾಲ್ಕನೆಯ ದಿನ ಸೋಮವಾರ ಬಿದ್ದರೆ ಅದನ್ನು ಮಂಗಳವಾರಕ್ಕೆ ಹಾಕಬೇಕೆಂದು ಅವರ ಪದ್ಧತಿಯಲ್ಲೇ ಇದೆ. ಇನ್ನೂ ಒಂದು ವಿಷಯವಿದೆ. ಮೊದಲ ವಾರ ಇದು ಹೊಸದು, ಎರಡನೆಯ ವಾರ ಇದು ದಿನದಿನದ್ದು ಎಂಬುದು ಮಗುವಿಗೆ ಗೊತ್ತಾಗುತ್ತದೆ. ಮೊದಲ ವಾರ ಅಳದೆ ಇದ್ದ ಕೆಲವರು ಶುರುಮಾಡುವುದೇ ಎರಡನೆಯ ವಾರ. ನಿಮಿಷ ಏರಿದರೂ ಎರಡನೆಯ ಕಾಲಮ್ಮಿನ ಪದ ಹಾಗೇ ಇದ್ದರೆ, ಡಬ್ಬಿ ಖಾಲಿಯಾಗುತ್ತಿದ್ದರೆ, ಚಿಂತೆ ಬೇಡ. ನಾಲ್ಕು ವಾರ ಕಳೆದೂ ದಿನವಿಡೀ ಯಾರ ಕೈಯಲ್ಲೂ ಸಮಾಧಾನವಾಗದಿದ್ದರೆ, ಅತ್ತು ಅತ್ತು ವಾಂತಿ ಮಾಡುತ್ತಿದ್ದರೆ, ತಿನ್ನುವುದು ಆಡುವುದು ಎರಡೂ ನಿಂತಿದ್ದರೆ, ಆಗ ಕೂತು ಬೇರೆ ದಾರಿ ಯೋಚಿಸೋಣ, ಹೊತ್ತು ಕಡಿಮೆ ಮಾಡೋಣ, ಅಮ್ಮ ಕೆಲವು ದಿನ ಜಗಲಿಯಲ್ಲಿ ಕೂರಲಿ, ಮಕ್ಕಳ ಡಾಕ್ಟರ ಹತ್ತಿರ ಒಂದು ಸಲ ಮಾತಾಡೋಣ. ಪುಟ್ಟಿಯ ಪುಟದಲ್ಲಿ ಅದರ ಗುರುತು ಯಾವುದೂ ನನಗೆ ಕಾಣುತ್ತಿಲ್ಲ.

ಎದ್ದು ಹೊರಡುವಾಗ ಅಮ್ಮ ಏನೋ ನೆನಪಾದಂತೆ ನಿಂತರು. "ಇನ್ನೊಂದು ಮಿಸ್. ಮನೇಲಿ ದಿನಾ ಸ್ಕೂಲಾಟ ಆಡ್ತಾಳೆ. ಗೊಂಬೇನ ಸೋಫಾ ಮೇಲೆ ಬಿಟ್ಟು ಬಾಗಿಲು ಹಾಕ್ಕೊಂಡು ಆಚೆ ಹೋಗ್ತಾಳೆ. ಗೊಂಬೆ ಹಂಗೆ ತಾನೇ ಅಳ್ತಾಳೆ. ನೋಡೋಕಾಗಲ್ಲ ನನ್ ಕೈಲಿ. ಆಟ ಬಿಡಿಸ್ಬೇಕಾ?"

ಬಿಡಿಸಬೇಡಿ ಎಂದೆ. ಇಂಥ ಆಟವನ್ನು ಫ್ರಾಯ್ಡ್ ತಮ್ಮ ಒಂದೂವರೆ ವರ್ಷದ ಮೊಮ್ಮಗನಲ್ಲಿ ಕಂಡು 1920ರ ಪುಸ್ತಕವೊಂದರಲ್ಲಿ ಬರೆದಿದ್ದಾರೆ. ಹುಡುಗ ದಾರ ಕಟ್ಟಿದ ಮರದ ರೀಲನ್ನು ಮಂಚದ ಪರದೆಯಾಚೆ ಎಸೆದು ಹೋಯಿತು ಎನ್ನುತ್ತಿದ್ದ, ಎಳೆದುಕೊಂಡು ಬಂತು ಎನ್ನುತ್ತಿದ್ದ. ಅಮ್ಮ ಹೋಗುವುದು ಅವನ ಕೈಯಲ್ಲಿರಲಿಲ್ಲ, ರೀಲು ಇತ್ತು. ಪುಟ್ಟಿಗೂ ಗೇಟಿನಲ್ಲಿ ಹಿಂದೆ ಉಳಿಯುವ ಪಾತ್ರ ಮಾತ್ರ ಸಿಕ್ಕಿದೆ, ಮನೆಯಲ್ಲಿ ಬಿಟ್ಟುಹೋಗುವ ಪಾತ್ರವನ್ನೂ ತಾನೇ ಮಾಡಿ ನೋಡುತ್ತಿದ್ದಾಳೆ.

"ಬಾಗಿಲು ಹಾಕ್ಕೊಂಡು ಹೋಗುವಾಗ ಗೊಂಬೆಗೆ ಏನಾದ್ರೂ ಹೇಳ್ತಾಳಾ?" ಎಂದು ಕೇಳಿದೆ.

ಅಮ್ಮ ಯೋಚಿಸಿದರು. ಉತ್ತರ ಕೊಟ್ಟವರು ತಾತ. ಸೋಮವಾರ, ಮಂಗಳವಾರ ಏನೂ ಹೇಳುತ್ತಿರಲಿಲ್ಲವಂತೆ, ಗೊಂಬೆಯ ಮುಖವನ್ನು ಗೋಡೆಗೆ ತಿರುಗಿಸಿ ಓಡಿಬಿಡುತ್ತಿದ್ದಳಂತೆ. ನಿನ್ನೆ ಸಂಜೆ ಗೊಂಬೆಯನ್ನು ಬಾಗಿಲ ಕಡೆಗೆ ಮುಖ ಮಾಡಿ ಕೂರಿಸಿ, ಅಡುಗೆಮನೆಯಿಂದ ಒಂದು ಲೋಟದಲ್ಲಿ ನಾಲ್ಕು ಹೆಸರುಕಾಳು ತಂದು ಅದರ ಮಡಿಲಿಗೆ ಹಾಕಿ, "ಡಬ್ಬಿ ತಿನ್ನು, ಕತೆ ಕೇಳು, ಚಪ್ಪಲಿ ಹಾಕ್ಕೋ," ಎಂದಳಂತೆ. ಆಮೇಲೆ ಬಾಗಿಲು ಹಾಕಿಕೊಂಡು, ಮತ್ತೆ ಒಂದು ಬೆರಳಷ್ಟು ತೆರೆದು, ಸಂದಿಯಿಂದ ಇಣುಕಿ ಗೊಂಬೆ ಅಲ್ಲೇ ಕೂತಿದೆಯೇ ಎಂದು ನೋಡಿದಳಂತೆ.